ನಿಶ್ಚಿತಾರ್ಥವಾಗಿ ಹತ್ತು ತಿಂಗಳು, ಈಗ ಹೊಟ್ಟೆಯಲ್ಲಿ ಸಂಕಟ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಹುಡುಗಿಗೆ 27. ಹಾಸನದ ಕಡೆಯವಳು, ಕೆಲಸ ಬೆಂಗಳೂರಿನಲ್ಲಿ. ನಿಶ್ಚಿತಾರ್ಥದ ಮರುತಿಂಗಳೇ ಹುಡುಗನ ತಾತ ತೀರಿಕೊಂಡರು. ವರ್ಷ ತುಂಬಲಿ ಅಂತ ಹಿರಿಯರು ಮದುವೆ ಮುಂದಕ್ಕೆ ಹಾಕಿದರು.

"ಮೊದಲೆಲ್ಲ ಖುಷಿಯಾಗೇ ಇದ್ದೆ ಮೇಡಂ. ಈಗ ಅವರ ಫೋನ್ ಬಂದ್ರೆ ಹೊಟ್ಟೆ ತೊಳಸುತ್ತೆ. ಅಮ್ಮ ಮಾತ್ರ, ಎಲ್ಲರಿಗೂ ಹಾಗೇ ಆಗುತ್ತೆ, ಸುಮ್ನಿರು ಅಂತಾರೆ."

ಅಮ್ಮ ಹೇಳಿದ್ದು ಅರ್ಧ ನಿಜ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 232 ಹೊಸ ಜೋಡಿಗಳನ್ನು ನಾಲ್ಕು ವರ್ಷ ಗಮನಿಸಿದ್ದರು. ಮದುವೆಗೆ ಮುಂಚೆ ಅನುಮಾನ ಇತ್ತು ಅಂದ ಹೆಂಡತಿಯರಲ್ಲಿ ಶೇ. 19ರಷ್ಟು ಜನ ವಿಚ್ಛೇದನ ಪಡೆದಿದ್ದರು, ಇಲ್ಲ ಅಂದವರಲ್ಲಿ ಶೇ. 8. ಅಲ್ಲಿನ ಲೆಕ್ಕ ನಮ್ಮ ಮನೆಗಳಿಗೆ ಹಾಗೇ ಹೊಂದುವುದಿಲ್ಲ ನಿಜ, ಆದರೆ ಹುಡುಗಿಯ ಅನುಮಾನವನ್ನು ತಳ್ಳಿಹಾಕಬಾರದು ಅನ್ನುವಷ್ಟಂತೂ ಇದರಿಂದ ಗೊತ್ತಾಗುತ್ತದೆ.

ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೋ ಅಂದೆ. ಭಯ ಬಂದಾಗೆಲ್ಲ ಆಗ ಏನು ನಡೆಯುತ್ತಿತ್ತು, ಭಯ ಯಾವುದರ ಬಗ್ಗೆ, ಅವನ ಹತ್ತಿರ ಮಾತಾಡಿದ ಮೇಲೆ ಅದು ಇಳಿಯಿತಾ ಏರಿತಾ ಅಂತ ಬರೆಯಬೇಕು. ನಾನು ಜಾಸ್ತಿ ನೋಡುವುದು ಈ ಕೊನೆಯದನ್ನೇ.

ಒಟ್ಟು 17 ಸಲ ಬರೆದಿದ್ದಳು. ಅದರಲ್ಲಿ 11 ಹೊಸ ಮನೆ, ಅತ್ತೆಯ ಅಡುಗೆಮನೆ, ಅಪ್ಪ ಒಬ್ಬರೇ ಆಗಿಬಿಡ್ತಾರೆ ಅನ್ನುವಂಥವು. ಬರುತ್ತವೆ, ಅವನ ಜೊತೆ ಅರ್ಧ ಗಂಟೆ ಮಾತಾಡಿದರೆ ಹೋಗುತ್ತವೆ. ಇದು ಮಾಮೂಲಿ ಅಳುಕು. ಉಳಿದ ಆರೂ ಒಂದೇ ವಿಷಯ: ಮದುವೆಯಾದ ಮೇಲೆ ಕೆಲಸ. ಹುಡುಗಿ ನೋಡಲು ಬಂದಾಗ "ಖಂಡಿತ ಮುಂದುವರಿಸಿ" ಅಂದಿದ್ದವನು ಈಗ ಕೇಳಿದಾಗೆಲ್ಲ "ಆಮೇಲೆ ನೋಡೋಣ" ಅನ್ನುತ್ತಿದ್ದ. ಆ ಆರರಲ್ಲೂ ಮಾತಾಡಿದ ಮೇಲೆ ಭಯ ಏರಿತ್ತು. ಇದು ನಿಜವಾದ ಅನುಮಾನ, ಅವಳ ಹೊಟ್ಟೆ ಹೇಳುತ್ತಿದ್ದದ್ದು ಇದನ್ನೇ.

ಅನುಮಾನ ನಿಜ ಅಂದ ಮಾತ್ರಕ್ಕೆ ಸಂಬಂಧ ಮುರಿಯಬೇಕು ಅಂತಲ್ಲ. ಫೋನಿನಲ್ಲಿ ಬೇಡ, ಎದುರು ಕೂತು ಕೇಳು ಅಂದೆ. ಆಣೆ, ಭಾಷೆ ಬೇಡ, ಅವನು ಮುಂದೆ ಏನು ಮಾಡ್ತಾನೆ ಅನ್ನೋದನ್ನು ನೋಡು. ಅದು ತಿಳಿಯೋವರೆಗೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವುದು ಬೇಡ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಕೈ ಮಾಡುವುದು, ವರದಕ್ಷಿಣೆ ಕೇಳುವುದು, ಫೋನ್ ಕಿತ್ತುಕೊಂಡು ನೋಡುವುದು ಇದ್ದಿದ್ದರೆ ನಾನು ಈ ನೋಟ್‌ಬುಕ್ ಕೊಡುತ್ತಲೇ ಇರಲಿಲ್ಲ, ಮದುವೆ ನಿಲ್ಲಿಸುವ ಮಾತೇ ಆಡುತ್ತಿದ್ದೆ.

ಹೋಟೆಲಿನಲ್ಲಿ ಕಾಫಿ ಆರಿಹೋಗುವ ತನಕ ಅವನು ಸುಮ್ಮನೆ ಕೂತಿದ್ದನಂತೆ. ಆಮೇಲೆ, "ಅಮ್ಮನಿಗೆ ಇಷ್ಟ ಇಲ್ಲ, ನಿಂಗೆ ಹೇಳೋಕೆ ಧೈರ್ಯ ಆಗ್ಲಿಲ್ಲ" ಅಂದ. ಮೂರನೇ ವಾರ ಅವಳ ಎದುರೇ ಅಮ್ಮನಿಗೆ ಹೇಳಿದ. ಅಮ್ಮ ಮುನಿಸಿಕೊಂಡರು, ಎರಡು ದಿನ ಮಾತು ಬಿಟ್ಟರು, ಅವನು ಮಾತು ಬದಲಿಸಲಿಲ್ಲ.

ಮುಂದಿನ ಎರಡು ವಾರದ ನೋಟ್‌ಬುಕ್‌ನಲ್ಲಿ ನಾಲ್ಕೇ ಸಾಲು. ಮೂರು ಅಪ್ಪನ ಬಗ್ಗೆ, ಒಂದು ಧಾರೆ ಸೀರೆಯ ಬ್ಲೌಸ್ ಬಿಗಿಯಾಗಿದೆ ಅಂತ.