ಒಂದು ಸಲ ಒತ್ತಿದ ‘ಸರಿ’

‘ಸಂಪಾದಕರೇ, ಫೋನಿನ ಫೋಟೋ ಇಡುವ ಜಾಗಕ್ಕೆ ತಿಂಗಳಿಗೆ ₹99 ಕಟ್ಟುತ್ತಿದ್ದೆ. ಈ ತಿಂಗಳು ಕಾರ್ಡಿನಿಂದ ₹299 ಹೋಗಿದೆ. ಕೇಳಿದರೆ, ಜಾಗ ತುಂಬಿತ್ತು, ತಾನಾಗಿ ದೊಡ್ಡ ಪ್ಲ್ಯಾನ್ ಆಗಿದೆ ಅಂದರು. ಓಟಿಪಿ ಕೂಡ ಬರಲಿಲ್ಲ. ಇದು ಸರಿಯೇ?’
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಟೀಚರ್, ಕಂಪನಿಯವರ ಪರವಾಗಿ ಒಂದು ಮಾತು ಹೇಳಿ ಮುಗಿಸ್ತೀನಿ. ಜಾಗ ತುಂಬಿ ಬ್ಯಾಕಪ್ ನಿಂತಿದ್ದಾಗಲೇ ಫೋನ್ ನೀರಿಗೆ ಬಿದ್ದರೆ ಮೊಮ್ಮಗನ ನಾಮಕರಣದ ಫೋಟೋ ಹೋಗುತ್ತಿತ್ತು. ಆಯಿತು, ಇನ್ನು ನಿಮ್ಮ ಕಡೆಗೆ ಬರೋಣ.

ಓಟಿಪಿ ಯಾಕೆ ಬರಲಿಲ್ಲ ಗೊತ್ತಾ? ಮೊದಲ ಸಲ ಕಾರ್ಡ್ ಕೊಟ್ಟಾಗ ಬ್ಯಾಂಕಿನಲ್ಲಿ ಒಂದು ಇ-ಮ್ಯಾಂಡೇಟ್, ಅಂದರೆ ತಿಂಗಳು ತಿಂಗಳು ತಾನಾಗಿ ಹಣ ಕಡಿಯಲು ನೀವು ಕೊಟ್ಟ ಒಪ್ಪಿಗೆ, ನೋಂದಣಿ ಆಗಿರುತ್ತದೆ. ಅದರಲ್ಲಿ ‘ಗರಿಷ್ಠ ಮೊತ್ತ’ ಅಂತ ಒಂದು ಸಾಲು ಇರುತ್ತದೆ. ನೀವು ಕಟ್ಟಿದ್ದು ₹99 ಇರಬಹುದು, ಆದರೆ ಆ ಸಾಲಿನಲ್ಲಿ ₹1,000 ಇದ್ದರೆ ₹299 ಸಲೀಸಾಗಿ ಹೋಗುತ್ತದೆ. ‘ತುಂಬಿದರೆ ತಾನಾಗಿ ಹೆಚ್ಚಿಸು’ ಅನ್ನುವುದಕ್ಕೂ ಎಂದೋ ಅವಸರದಲ್ಲಿ ಸರಿ ಅಂದಿರುತ್ತೀರಿ. ಹಾಲಿನವನು ಅರ್ಧ ಲೀಟರ್ ಜಾಸ್ತಿ ಹಾಕುವ ಮೊದಲು ಬಾಗಿಲು ತಟ್ಟಿ ಕೇಳುತ್ತಾನಲ್ವಾ? ಇಲ್ಲಿ ಬಾಗಿಲೇ ಇಲ್ಲ.

ಒಂದು ಕಿಟಕಿ ಇತ್ತು ಅನ್ನಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹಣ ಕಡಿಯುವ ಕನಿಷ್ಠ 24 ಗಂಟೆ ಮೊದಲು ಎಸ್ಸೆಮ್ಮೆಸ್ಸೋ ಇಮೇಲೋ ಬರಬೇಕು. ಅದರಲ್ಲಿ ಮೊತ್ತ, ದಿನಾಂಕ, ಬೇಡ ಅನ್ನುವ ದಾರಿ ಎಲ್ಲ ಇರಬೇಕು. ನಿಮ್ಮ ಇನ್‌ಬಾಕ್ಸ್ ಹುಡುಕಿ ನೋಡಿ. ಸಾಲದ ಜಾಹೀರಾತು, ಸೀರೆ ಸೇಲಿನ ನಡುವೆ ಅದು ಬಿದ್ದಿರಬಹುದು. ಮಕ್ಕಳ ಉತ್ತರಪತ್ರಿಕೆಯಲ್ಲಿ ಕೊಂಬು ದೀರ್ಘ ಬಿಡದೆ ಓದಿದ ನೀವು ಇದನ್ನು ಓದಲಿಲ್ಲವೇ! ಬಂದೇ ಇಲ್ಲ ಅಂತಾದರೆ ಬ್ಯಾಂಕಿಗೆ ಬರೆದು ದೂರು ಕೊಡಿ.

ನಾನೂ ಎಡವಿದವನೇ. ಆ್ಯಪ್ ಅಳಿಸಿ ಮುಗಿಯಿತು ಅಂದುಕೊಂಡೆ, ಮುಂದಿನ ತಿಂಗಳೂ ದುಡ್ಡು ಹೋಯಿತು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಫೋನಿನ ಆ್ಯಪ್ ಸ್ಟೋರಿನಲ್ಲಿ ನಿಮ್ಮ ಚಂದಾಗಳ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಅಲ್ಲೇ ರದ್ದು ಮಾಡಬೇಕು. ಆಮೇಲೆ ಬ್ಯಾಂಕಿನಲ್ಲಿ ಮ್ಯಾಂಡೇಟನ್ನೂ ತೆಗೆಸಿ. ಆದರೆ ಅದಕ್ಕೂ ಮೊದಲು ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ₹99ರ ಪ್ಲ್ಯಾನೇ ಸಾಕು ಅಂದರೆ ದೊಡ್ಡ ವಿಡಿಯೋಗಳನ್ನು ಮೊದಲು ಅಳಿಸಿ. ಸಾವಿರ ಫೋಟೋಕ್ಕಿಂತ ಮದುವೆಮನೆಯ ನಾಲ್ಕು ವಿಡಿಯೋ ಜಾಸ್ತಿ ಜಾಗ ತಿನ್ನಬಹುದು. ಇಳಿಸಿದ್ದು ಸರಿಯಾಗಿ ತೆರೆಯುತ್ತದೆಯೋ ನೋಡಿಕೊಂಡೇ ಅಳಿಸಿ.

ರದ್ದು ಮಾಡುವ ದಾರಿಯನ್ನೇ ಬಚ್ಚಿಟ್ಟಿದ್ದರೆ ಸುಮ್ನೆ ಬಿಡಬೇಡಿ. ಕೇಂದ್ರ ಸರಕಾರ 2023ರ ನವೆಂಬರ್‌ನಲ್ಲಿ ಇಂಥ ‘ಚಂದಾ ಬಲೆ’ಯನ್ನು ನಿಷೇಧಿಸಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಈಗ ಹಾಡು, ಸಿನಿಮಾ, ಫೋಟೋ ಎಲ್ಲದಕ್ಕೂ ತಿಂಗಳ ಬಾಡಿಗೆ. ನಮ್ಮ ಮನೆಯ ಕಪ್ಪು ಹಾಳೆಯ ಆಲ್ಬಮ್ ಬೀರುವಿನ ಮೇಲೆ ಕೂತು ಯಾರನ್ನೂ ಏನೂ ಕೇಳಲಿಲ್ಲ. ಅಂದಹಾಗೆ, ನಿಮ್ಮ ಪತ್ರಿಕೆಯ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ನಾವು ಕಾರ್ಡಿಗೆ ಕೈ ಹಾಕುವುದಿಲ್ಲ, ಎಂದಿನಂತೆ ಹಳದಿ ಚೀಟಿ ಕಳಿಸ್ತೀವಿ.