ಬೆನ್ನಿನ ಆಪರೇಷನ್ ನಂತರ ಕೆಲಸಕ್ಕೆ ಮರಳುವವರಿಗೆ ಏನು ಕೆಲಸ ಕೊಡಬೇಕು?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ತೊಗರಿಬೇಳೆ ಮಿಲ್. ಮೂಟೆ ಹೊರುತ್ತಿದ್ದವರೊಬ್ಬರು ಡಿಸ್ಕ್ ಆಪರೇಷನ್ ಆಗಿ ನಾಲ್ಕು ತಿಂಗಳ ಮೇಲೆ ಬರುತ್ತಿದ್ದಾರೆ. ಏನು ಕೆಲಸ ಕೊಡಲಿ?

ಉತ್ತರ: ಡಾಕ್ಟರ್ ಚೀಟಿಯಲ್ಲಿ ಬರೀ ‘ಫಿಟ್’ ಅಂತಿದ್ದರೆ ಸಾಲದು. ಎಷ್ಟು ಕಿಲೋ ಎತ್ತಬಹುದು, ಬಗ್ಗಬಹುದೇ, ಒಂದೇ ಸಮ ಎಷ್ಟು ಹೊತ್ತು ಕೂರಬಹುದು ಅಂತ ಬರೆಸಿಕೊಳ್ಳಿ.

ಕೂತು ಮಾಡುವ ಕೆಲಸ ಹಗುರ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ದಿನವಿಡೀ ಕೂತರೂ ಬೆನ್ನು ಹಿಡಿಯುತ್ತದೆ. ತೂಕದ ಲೆಕ್ಕ ಬರೆಯುವುದು, ಬಂದ ತೊಗರಿಯ ತೇವ ನೋಡುವುದು, ಗೇಟಿನಲ್ಲಿ ಲಾರಿ ಎಂಟ್ರಿ, ಇವನ್ನು ಬದಲಿಸುತ್ತಾ ಕೊಡಿ. ಅರ್ಧ ತಾಸಿಗೊಮ್ಮೆ ಎದ್ದು ಓಡಾಡಲಿ. ಚೀಲ ಹೊಲಿಯುವುದು ಸದ್ಯಕ್ಕೆ ಬೇಡ, ಅದಕ್ಕೆ ಪದೇಪದೇ ಬಗ್ಗಬೇಕು.

ಡಾಕ್ಟರ್ ಒಪ್ಪಿದರೆ ಮೊದಲ ಎರಡು ವಾರ ಬೆಳಗಿನ ನಾಲ್ಕು ತಾಸು ಸಾಕು. ಆಮೇಲೆ ವಾರಕ್ಕೊಂದು ತಾಸು ಏರಿಸಿ. ಮರುದಿನ ಬೆಳಿಗ್ಗೆ ನೋವು ಜಾಸ್ತಿಯಾದರೆ ಹಿಂದಿನ ವಾರದ ಮಟ್ಟಕ್ಕೆ ಇಳಿಸಿ. ಕಾಲು ಜೋಮು ಹಿಡಿದರೆ, ಮೂತ್ರದ ತೊಂದರೆ ಬಂದರೆ ತಕ್ಷಣ ಆಸ್ಪತ್ರೆಗೆ ಕಳಿಸಿ.

ಈ ಮಿತಿಗಳನ್ನು ಮೇಸ್ತ್ರಿಗೆ ಅವರ ಎದುರೇ ಹೇಳಿ. ಲಾರಿ ಬಂದ ಗಡಿಬಿಡಿಯಲ್ಲಿ ‘ಅಣ್ಣಾ, ಇದೊಂದು ಮೂಟೆ ಹಿಡಿ’ ಅಂದರೆ ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ.

ಇಎಸ್‌ಐ ಇದ್ದರೆ ಗಮನಿಸಿ: ಕೂಲಿ ಪಡೆದ ದಿನಕ್ಕೆ ಕಾಯಿಲೆ ಭತ್ಯೆ ಸಿಗುವುದಿಲ್ಲ. ಹಾಗಾಗಿ ಅರ್ಧ ದಿನದ ಸಂಬಳ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.