ಬರೀ ‘ಹಾಯ್’ ಬಂದಾಗ: ಒಂದು ಆಪ್ತಸಲಹೆ ಪ್ರಕರಣ

ಸಲಹೆಗೆ ಬಂದವಳು 24 ವರ್ಷದ ಯುವತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ವಾರಾಂತ್ಯದ ಫೋಟೋಗ್ರಫಿ ತರಗತಿಯಲ್ಲಿ ಪರಿಚಯವಾದ ಹುಡುಗನೊಬ್ಬನ ಮೇಲೆ ಆಕೆಗೆ ಮನಸ್ಸಾಗಿದೆ. ಎದುರಾದಾಗ ಇಬ್ಬರೂ ಸಲೀಸಾಗಿ ಮಾತಾಡುತ್ತಾರೆ, ತೊಡಕಿರುವುದು ಫೋನಿನಲ್ಲಿ. ಅವನು ಆಗಾಗ ರಾತ್ರಿ ಒಂಬತ್ತರ ಹೊತ್ತಿಗೆ ‘ಹಾಯ್’ ಎಂದೋ ‘ಏನ್ ಸಮಾಚಾರ’ ಎಂದೋ ಕಳಿಸುತ್ತಾನೆ. ನಾಲ್ಕೈದು ಸಾಲಿಗೆಲ್ಲ ಮಾತು ಮುಗಿದುಹೋಗುತ್ತದೆ. “ಅವನಿಗೆ ನನ್ನಲ್ಲಿ ಆಸಕ್ತಿ ಇಲ್ಲ ಅಂತ ಇದರಲ್ಲೇ ಗೊತ್ತಾಗುತ್ತಲ್ವಾ?” ಎಂಬುದು ಆಕೆಯ ಪ್ರಶ್ನೆ.

ಉತ್ತರಿಸುವ ಮೊದಲು ಆ ಸಂದೇಶಗಳನ್ನೇ ಓದಿದೆವು. ಒಂದು ರಾತ್ರಿಯದು ಹೀಗಿತ್ತು:

ಅವನು: ಹಾಯ್
ಆಕೆ (ನಲವತ್ತು ನಿಮಿಷ ಬಿಟ್ಟು): ಹಾಯ್
ಅವನು: ಏನ್ ಮಾಡ್ತಿದ್ದೀಯ?
ಆಕೆ: ಏನಿಲ್ಲ. ನೀನು?
ಅವನು: ನಾನೂ ಸುಮ್ನೆ ಕೂತಿದ್ದೆ
ಆಕೆ: ಓಕೆ

ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಲು ಹೇಳಿದೆ: ಈ ಸಾಲನ್ನು ಓದಿದವರಿಗೆ ಹಿಡಿದುಕೊಂಡು ಮುಂದುವರಿಸಲು ಏನಾದರೂ ಸಿಗುತ್ತದೆಯೇ? ಆರು ಸಾಲಲ್ಲಿ ಗುರುತು ಬಿದ್ದದ್ದು ಒಂದೇ ಒಂದಕ್ಕೆ, ಅವನ ‘ಏನ್ ಮಾಡ್ತಿದ್ದೀಯ’ ಎಂಬುದಕ್ಕೆ. ಅದಕ್ಕೆ ‘ಏನಿಲ್ಲ’ ಎಂದದ್ದು ಆಕೆಯೇ. ಹೀಗಾಗಿ ಈ ಮಾತುಕತೆಯಿಂದ ಅವನ ಆಸಕ್ತಿಯನ್ನು ಅಳೆಯಲು ಬರುವುದಿಲ್ಲ. ಇಬ್ಬರೂ ಏನನ್ನೂ ಮುಂದಿಟ್ಟಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಒಂಟಿ ‘ಹಾಯ್’ ಕಳಿಸುವವರು ಸೋಮಾರಿಗಳು ಅಥವಾ ಹೊತ್ತು ಕಳೆಯುವವರು ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಕೆಲವರು ಹಾಗಿರಬಹುದು. ಆದರೆ ಇಷ್ಟಪಟ್ಟವರಿಗೆ ಮೊದಲ ಸಾಲು ಬರೆಯುವುದು ಅಂಜಿಕೆಯ ಕೆಲಸ. ‘ನಿನ್ನ ಜೊತೆ ಮಾತಾಡಬೇಕು ಅನ್ನಿಸಿತು’ ಎಂದು ಬರೆದು ಉತ್ತರ ಬಾರದಿದ್ದರೆ ಮುಖಭಂಗ. ‘ಹಾಯ್’ಗೆ ಬಾರದಿದ್ದರೆ ಏನೂ ಹೋಗಲಿಲ್ಲ. ಆ ಎರಡಕ್ಷರ ಬಾಗಿಲು ತಟ್ಟುವುದಷ್ಟೇ. ವಿಷಯ ಬಾರದೇ ಇರುವುದರಿಂದ, ಅದನ್ನು ಆರಿಸುವ ಹಕ್ಕು ಉತ್ತರಿಸುವವರದು. ಇದು ಹೊಳೆದ ಮೇಲೆ ಆಕೆಯ ಬೇಸರ ಅರ್ಧ ಇಳಿಯಿತು.

ಕೊಟ್ಟ ಸಲಹೆ ಇದು. ಉತ್ತರದಲ್ಲಿ ಎರಡು ಅಂಶ ಇರಲಿ. ಮೊದಲನೆಯದು, ಆ ದಿನದ ಅಥವಾ ಆ ಗಳಿಗೆಯ ಒಂದು ನಿಜವಾದ, ಚಿಕ್ಕ ಸಂಗತಿ. ಎರಡನೆಯದು, ಅದೇ ಸಂಗತಿಯಿಂದ ಹುಟ್ಟಿ ಅವನ ಕಡೆ ತಿರುಗುವ ಒಂದು ಪ್ರಶ್ನೆ. ಒಟ್ಟು ಎರಡು ಮೂರು ವಾಕ್ಯ, ಅದಕ್ಕಿಂತ ಹೆಚ್ಚು ಬೇಡ. ಸಂಗತಿ ಮಾತ್ರ ಇದ್ದರೆ ವರದಿ ಒಪ್ಪಿಸಿದಂತಾಗುತ್ತದೆ, ಪ್ರಶ್ನೆ ಮಾತ್ರ ಇದ್ದರೆ ವಿಚಾರಣೆಯಂತೆ ಕೇಳುತ್ತದೆ.

ಅಲ್ಲೇ ಕೂತು ಬರೆದು ನೋಡಿದಳು. ಮೊದಲ ಕರಡು: “ಹಾಯ್! ಹೇಗಿದ್ದೀಯ? ಇವತ್ತು ತುಂಬಾ ಕೆಲಸ ಇತ್ತು, ಈಗ ಊಟ ಆಯ್ತು. ನಿಂದು ಆಯ್ತಾ? ಈ ವಾರ ಕ್ಲಾಸಿಗೆ ಬರ್ತೀಯಾ? ಅಸೈನ್ಮೆಂಟ್ ಮುಗೀತಾ?” ಇಲ್ಲಿ ನಾಲ್ಕು ಪ್ರಶ್ನೆಗಳಿವೆ. ಓದಿದವನು ಸುಲಭದ್ದೊಂದನ್ನು ಆರಿಸಿ ‘ಹೂಂ, ಆಯ್ತು’ ಎಂದು ಕೈತೊಳೆದುಕೊಳ್ಳುತ್ತಾನೆ. ಅಲ್ಲದೆ, ಒಂದು ಪದಕ್ಕೆ ಆರು ವಾಕ್ಯ ಕೊಟ್ಟರೆ ಅಷ್ಟನ್ನೂ ಹಿಂತಿರುಗಿಸಬೇಕೇನೋ ಎಂಬ ಭಾರ ಅವನ ಮೇಲೆ ಬೀಳುತ್ತದೆ.

ಎರಡನೆಯದು ಚುರುಕಾಗಿ ಕಾಣಲೆಂದು ಬರೆದದ್ದು: “ಓಹೋ, ಇಷ್ಟು ದಿನ ಆದ್ಮೇಲೆ ನೆನಪಾಯ್ತಾ?” ಎದುರಿಗೆ ನಕ್ಕು ಹೇಳಿದರೆ ತಮಾಷೆ. ಪರದೆಯ ಮೇಲೆ ನಗು ಕಾಣುವುದಿಲ್ಲ, ಆಕ್ಷೇಪವಷ್ಟೇ ಉಳಿಯುತ್ತದೆ. ಅವನು ಸಮಜಾಯಿಷಿ ಕೊಡುವುದರಲ್ಲೇ ಮಾತು ಶುರುವಾಗುತ್ತದೆ. ‘ಏನು ವಿಷಯ?’ ಎಂಬ ಉತ್ತರಕ್ಕೂ ಇದೇ ದೋಷ. ಕಾರಣ ಇದ್ದರೆ ಮಾತ್ರ ಮಾತಾಡು ಎಂದಂತೆ ಅದು ಕೇಳಿಸುತ್ತದೆ.

ಮೂರನೆಯದು ನಿಂತಿತು: “ಹಾಯ್! ಕಳೆದ ವಾರದ ಫೋಟೋ ನೋಡ್ತಾ ಕೂತಿದ್ದೆ. ನಲವತ್ತರಲ್ಲಿ ಮೂರು ಉಳಿದ್ರೆ ಹೆಚ್ಚು. ಸೇತುವೆ ಮೇಲೆ ಅಷ್ಟು ಹೊತ್ತು ಬಗ್ಗಿ ತೆಗೀತಿದ್ಯಲ್ಲ, ಅದು ಹೇಗ್ ಬಂತು?”

ಇದು ಯಾಕೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ನಲವತ್ತರಲ್ಲಿ ಮೂರು’ ಎಂಬಲ್ಲಿ ಆಕೆ ತನ್ನ ಬಗ್ಗೆ ಒಂದು ಸಣ್ಣ ಸೋಲನ್ನು ಹಗುರವಾಗಿ ಬಿಟ್ಟುಕೊಟ್ಟಿದ್ದಾಳೆ. ಅವನೂ ತನ್ನದನ್ನು ಹೇಳಿಕೊಳ್ಳಲು ಜಾಗ ಸಿಕ್ಕಿತು. ಸೇತುವೆಯ ಮಾತು ತಾನು ಅವನನ್ನು ಗಮನಿಸಿದ್ದೆ ಎಂಬುದನ್ನು ತಿಳಿಸುತ್ತದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪ್ರಶ್ನೆಯ ಅಳತೆಯೂ ಸರಿಯಿದೆ. ‘ದಿನ ಹೇಗಿತ್ತು’ ಎಂದರೆ ತೀರಾ ಅಗಲ, ‘ಚೆನ್ನಾಗಿತ್ತು’ ಎಂಬಲ್ಲಿಗೆ ಮುಗಿಯುತ್ತದೆ. ‘ಫೋಟೋ ಚೆನ್ನಾಗಿ ಬಂತಾ’ ಎಂದರೆ ಹೌದು, ಇಲ್ಲ ಎಂಬಲ್ಲಿಗೆ. ‘ಅದು ಹೇಗ್ ಬಂತು’ ಎಂದಾಗ ಯೋಚಿಸದೆ ಒಂದು ಸಾಲು ಬರೆಯಬಹುದು, ಬೇಕಿದ್ದರೆ ಫೋಟೋವನ್ನೇ ಕಳಿಸಬಹುದು.

‘ಏನ್ ಸಮಾಚಾರ’ ಎಂದು ಬಂದರೆ ಸ್ವಲ್ಪ ಬದಲಾವಣೆ ಬೇಕು. ಅಲ್ಲಿ ಪ್ರಶ್ನೆ ಆಗಲೇ ಇದೆ, ಮೊದಲು ಅದಕ್ಕೆ ಉತ್ತರ ಕೊಡಬೇಕು. ‘ಏನಿಲ್ಲ, ನಿಂದೇನು’ ಎಂಬುದು ಬಾಯಿಗೆ ತಾನೇ ಬಂದುಬಿಡುತ್ತದೆ, ಅದನ್ನು ತಡೆಯುವುದೇ ಮುಖ್ಯ. ದೊಡ್ಡ ಸುದ್ದಿ ಇರಬೇಕಿಲ್ಲ. “ಸಮಾಚಾರ ಅಂದ್ರೆ, ಒಂದು ಗಂಟೆಯಿಂದ ಲೆನ್ಸ್ ಮುಚ್ಚಳ ಹುಡುಕ್ತಿದ್ದೀನಿ. ನೀನು ಯಾವತ್ತಾದ್ರೂ ಕಳ್ಕೊಂಡಿದ್ದೀಯಾ, ಅಥವಾ ನಾನೊಬ್ಬಳೇನಾ?” ಸಾಕು. ಹುಡುಕುತ್ತಿರುವುದು ನಿಜವಾಗಿರಬೇಕು ಅಷ್ಟೇ, ಕಟ್ಟಿದ ಸಂಗತಿ ಮುಂದಿನ ಭೇಟಿಯಲ್ಲಿ ಕಾಲಿಗೆ ತೊಡರುತ್ತದೆ.

ಇನ್ನು ಆ ನಲವತ್ತು ನಿಮಿಷ. ಕಾಯಿಸಿದರೆ ಬೆಲೆ ಹೆಚ್ಚುತ್ತದೆಂದು ಗೆಳತಿಯರು ಹೇಳಿಕೊಟ್ಟಿದ್ದರು. ಬಿಡುವಿದ್ದಾಗ ಉತ್ತರಿಸು, ಇಲ್ಲದಿದ್ದರೆ ಬಿಡುವಾದಾಗ ಉತ್ತರಿಸು ಎಂದೆ. ಗಡಿಯಾರ ನೋಡಿ ತಡಮಾಡಿದರೆ ಆಗುವುದು ಇಷ್ಟೇ: ಅವನು ಫೋನ್ ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ನಿಜಕ್ಕೂ ತಡವಾಗಿದ್ದರೆ ಕ್ಷಮೆಯ ಪೀಠಿಕೆ ಬೇಡ, ನೇರ ಸಂಗತಿಯಿಂದಲೇ ಶುರುಮಾಡಬಹುದು.

ಎರಡು ವಾರದ ನಂತರ ಆಕೆ ಮತ್ತೆ ಬಂದಳು. ಸೇತುವೆಯ ಸಾಲಿಗೆ ಅವನು “ಅಯ್ಯೋ ಕೇಳ್ಬೇಡ, ಎಲ್ಲಾ ಅಲ್ಲಾಡಿದೆ” ಎಂದು ಉತ್ತರಿಸಿದ್ದ. ಆಕೆ ಮಾಡಿದ ಒಳ್ಳೆಯ ಕೆಲಸವೆಂದರೆ ಹೊಸ ವಿಷಯಕ್ಕೆ ಹಾರದೆ ಅವನ ಉತ್ತರದ ಒಳಗಿಂದಲೇ ಮುಂದಿನ ಮಾತು ತೆಗೆದದ್ದು: “ಎಲ್ಲಾನಾ? ಟ್ರೈಪಾಡ್ ಇತ್ತಲ್ಲ ನಿನ್ ಹತ್ರ!” ಅದರ ಕಥೆ ಹೇಳುತ್ತಾ ಅವನು ಇಪ್ಪತ್ತು ನಿಮಿಷ ಮಾತಾಡಿದ. ಹಲವರು ಎಡವುವುದು ಈ ಎರಡನೇ ಸರದಿಯಲ್ಲಿ: ಮೊದಲ ಉತ್ತರಕ್ಕೆ ಶ್ರಮಪಟ್ಟು, ಎದುರಿನವರು ಬಾಯಿಬಿಟ್ಟಾಗ ‘ಹಹಹ’ ಎಂದು ಸುಮ್ಮನಾಗುತ್ತಾರೆ.

ಈ ಕ್ರಮಕ್ಕೆ ಮಿತಿಯೂ ಇದೆ, ಅದನ್ನು ಆಕೆಗೆ ಮೊದಲೇ ಹೇಳಿದ್ದೆ. ಬೇರೆ ಬೇರೆ ದಿನ ಮೂರು ಸಲ ಹಿಡಿಯಲು ಸಿಗುವಂಥ ಉತ್ತರ ಕೊಟ್ಟ ಮೇಲೂ ‘ಹೂಂ’, ‘ಓಹ್’ ಮಾತ್ರ ಬಂದರೆ, ಅಥವಾ ಆಕೆ ಕೇಳಿದ್ದಕ್ಕೆ ಉತ್ತರವಷ್ಟೇ ಬಂದು ಆಕೆಯ ಬಗ್ಗೆ ಒಂದು ಪ್ರಶ್ನೆಯೂ ಬಾರದಿದ್ದರೆ, ನಾಲ್ಕನೆಯದನ್ನು ಇನ್ನೂ ಚೆನ್ನಾಗಿ ಬರೆಯುವ ಪ್ರಯತ್ನ ಬೇಡ. ‘ಹಾಯ್’ ಯಾವಾಗಲೂ ನಡುರಾತ್ರಿಯೇ ಬಂದು, ಹಗಲಲ್ಲಿ ಕಳಿಸಿದ್ದಕ್ಕೆ ಉತ್ತರವೇ ಇಲ್ಲದಿದ್ದರೆ ಅದು ಬೇರೆಯೇ ಪ್ರಕರಣ. ಇಲ್ಲಿ ಹಾಗಾಗಲಿಲ್ಲ. ಮೊನ್ನೆ ಅವನೇ “ನಿನ್ನ ಆ ಮೂರು ಫೋಟೋ ತೋರಿಸಲೇ ಇಲ್ಲ” ಎಂದು ಬರೆದಿದ್ದಾನಂತೆ. ಮುಂದಿನ ಸಲ ಅವನ ‘ಹಾಯ್’ಗೆ ಕಾಯದೆ ಮೊದಲ ಸಂದೇಶ ತಾನೇ ಕಳಿಸುವುದು ಎಂದು ಒಪ್ಪಿಕೊಂಡಿದ್ದೇವೆ.